ಹದಿನೇಳನೇ ಸಾಲಿನಿಂದ ನಾಲ್ಕು ಸೀಟು

(ಚಿಕ್ಕಬಳ್ಳಾಪುರದಲ್ಲಿ ವಿಮಾನ ಪ್ರಯಾಣಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ದೇವನಹಳ್ಳಿ ನಮಗೆ ಪಕ್ಕದೂರು. ಹಾಗಾಗಿ ಈ ಸಭೆಯಲ್ಲಿ ವಿಮಾನ ಹತ್ತಿದವರು ಬಹಳ ಜನ ಇದ್ದೀರಿ. ಕಾಶಿಗೆ ಹೋಗಿ ಬಂದವರಿದ್ದೀರಿ, ಕೊಲ್ಲಿ ದೇಶಗಳಲ್ಲಿ ಮಕ್ಕಳಿರುವವರಿದ್ದೀರಿ. ಬಾಗಿಲು ಹಾಕಿದ ಮೇಲೆ ಗಗನಸಖಿ ನಡುದಾರಿಯಲ್ಲಿ ನಿಂತು ಬೆಲ್ಟ್ ತೋರಿಸಿ, ಎರಡೂ ಕೈ ಚಾಚಿ ಬಾಗಿಲುಗಳ ಕಡೆ ತೋರಿಸುವುದನ್ನು ನೋಡಿರುತ್ತೀರಿ. ಹೇಳುವುದು ಹೆಚ್ಚಾಗಿ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಅರ್ಥವಾಗದವರು ಕಿಟಕಿ ನೋಡುತ್ತಾರೆ, ಅರ್ಥವಾಗುವವರು ಮೊಬೈಲ್ ನೋಡುತ್ತಾರೆ. ಆ ಮಾತುಗಳಲ್ಲಿ ಒಂದು ವಾಕ್ಯ ಇರುತ್ತದೆ: ನಿಮಗೆ ಹತ್ತಿರದ ತುರ್ತು ದ್ವಾರ ನಿಮ್ಮ ಹಿಂದೆಯೂ ಇರಬಹುದು. ಇವತ್ತು ನಾನು ಮಾತಾಡುವುದು ಮುಖ್ಯವಾಗಿ ಆ ವಾಕ್ಯದ ಬಗ್ಗೆ. ಅದನ್ನು ಕೇಳಿಸಿಕೊಂಡ ಮೇಲೆ ಸೀಟಿನಲ್ಲಿ ಕೂತ ಮನುಷ್ಯ ಏನು ಮಾಡಬೇಕು ಎಂಬುದರ ಬಗ್ಗೆ.

ಮೊದಲು ಸಮಯದ ಲೆಕ್ಕ. 44ಕ್ಕಿಂತ ಹೆಚ್ಚು ಪ್ರಯಾಣಿಕರು ಕೂರುವ ವಿಮಾನಕ್ಕೆ ಮಂಜೂರಾತಿ ಸಿಗಬೇಕಾದರೆ, ತುಂಬಿದ ವಿಮಾನದಿಂದ ಎಲ್ಲರೂ 90 ಸೆಕೆಂಡಿನೊಳಗೆ ನೆಲ ಮುಟ್ಟಬಹುದು ಎಂದು ತಯಾರಕರು ತೋರಿಸಬೇಕು. ಅದೂ ಅರ್ಧದಷ್ಟು ಬಾಗಿಲು ಮಾತ್ರ ಬಳಸಿ, ಕತ್ತಲಲ್ಲಿ, ತುರ್ತು ದೀಪಗಳ ಬೆಳಕಿನಲ್ಲಿ. ದಾರಿಯಲ್ಲಿ ಬ್ಯಾಗು, ಹೊದಿಕೆಗಳನ್ನೂ ಚೆಲ್ಲಿರುತ್ತಾರೆ. ಯಾವ ಬಾಗಿಲು ತೆರೆಯುತ್ತದೆ ಎಂದು ಒಳಗಿರುವವರಿಗೆ ಮೊದಲೇ ಹೇಳುವುದಿಲ್ಲ. ಕಠಿಣ ಪರೀಕ್ಷೆಯೇ. ಆದರೆ ಅದರಲ್ಲಿ ಒಂದು ಇರುವುದಿಲ್ಲ, ಹೊಗೆ. ನಿಜವಾದ ಅಪಘಾತದಲ್ಲಿ ಹೆಚ್ಚು ಕಾಡುವುದು ಅದೇ.

1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಒಂದು ಬೋಯಿಂಗ್ 737 ರನ್‌ವೇ ಮೇಲೆ ಓಡುತ್ತಿತ್ತು. ಇನ್ನೂ ಮೇಲೇಳಿರಲಿಲ್ಲ. ಎಡ ಎಂಜಿನ್‌ನ ಒಂದು ಭಾಗ ಒಡೆದು ಹಾರಿ ರೆಕ್ಕೆಯ ಇಂಧನ ಟ್ಯಾಂಕಿಗೆ ತೂತು ಬಿತ್ತು, ಬೆಂಕಿ ಹತ್ತಿತು. ಟೈರ್ ಸಿಡಿದಿರಬೇಕು ಎಂದುಕೊಂಡ ಪೈಲಟ್‌ಗಳು ಟೇಕಾಫ್ ಕೈಬಿಟ್ಟು ವಿಮಾನ ನಿಲ್ಲಿಸಿದರು. ಗಾಳಿ ಬೆಂಕಿಯನ್ನು ವಿಮಾನದ ಹಿಂಭಾಗದ ಕಡೆಗೇ ತಳ್ಳುತ್ತಿತ್ತು. ವಿಮಾನ ಬಿದ್ದಿರಲಿಲ್ಲ, ಯಾರಿಗೂ ಪೆಟ್ಟಾಗಿರಲಿಲ್ಲ, ಅಗ್ನಿಶಾಮಕ ದಳ ಅದೇ ನಿಲ್ದಾಣದಲ್ಲಿತ್ತು. ಆದರೂ 137 ಜನರಲ್ಲಿ 55 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಹಿಂದಿನ ಬಾಗಿಲುಗಳ ಕಡೆಯಿಂದ ಒಬ್ಬ ಪ್ರಯಾಣಿಕರೂ ಪಾರಾಗಲಿಲ್ಲ. ಹಿಂದಿನ ಸಾಲುಗಳಲ್ಲಿದ್ದವರಿಗೆ ಉಳಿದಿದ್ದು ರೆಕ್ಕೆಯ ಮೇಲಿನ ದ್ವಾರ, ಇಲ್ಲವೇ ಅದಕ್ಕೂ ಆಚೆಯ ಮುಂಬಾಗಿಲು.

ವಿಮಾನದ ಒಳಗೆ ಹೊಗೆ ಹೇಗೆ ತುಂಬುತ್ತದೆ ಎಂದು ತಿಳಿದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಬಿಸಿ ಹೊಗೆ ಮೊದಲು ಮೇಲಕ್ಕೇರಿ ಚಾವಣಿಯ ಉದ್ದಕ್ಕೂ ಹರಡುತ್ತದೆ, ಆಮೇಲೆ ಪದರ ಪದರವಾಗಿ ಕೆಳಗಿಳಿಯುತ್ತದೆ. ಎಕ್ಸಿಟ್ ಎಂದು ಹೊಳೆಯುವ ಫಲಕ ಇರುವುದು ಮೇಲೆ. ಎಲ್ಲಕ್ಕಿಂತ ಮೊದಲು ಕಾಣೆಯಾಗುವುದೇ ಅದು. ಸೀಟಿನ ಸ್ಪಂಜು, ಗೋಡೆಯ ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ಇವು ಮನುಷ್ಯನನ್ನು ಬಹಳ ಬೇಗ ಮಂಕು ಮಾಡುತ್ತವೆ. ಜೊತೆಗೆ ಕಣ್ಣು ಉರಿಯುತ್ತದೆ, ರೆಪ್ಪೆ ತೆರೆಯಲಾಗುವುದಿಲ್ಲ. ಅಂದರೆ ದೀಪ ಉರಿಯುತ್ತಿದ್ದರೂ ನೀವು ಕುರುಡರೇ.

1983ರ ಜೂನ್ 2ರಂದು ಅಮೆರಿಕದ ಸಿನ್ಸಿನಾಟಿ ಬಳಿ ಇಳಿದ ಏರ್ ಕೆನಡಾ ವಿಮಾನದಲ್ಲಿ ಹೀಗೇ ಆಯಿತು. ಹಿಂದಿನ ಶೌಚಾಲಯದ ಕಡೆ ಹಾರಾಟದಲ್ಲೇ ಬೆಂಕಿ ಕಾಣಿಸಿಕೊಂಡಿತ್ತು. ಸಿಬ್ಬಂದಿ ಪ್ರಯಾಣಿಕರನ್ನು ಮುಂದಿನ ಸಾಲುಗಳಿಗೆ ಸರಿಸಿ, ಒದ್ದೆ ಟವಲ್ ಕೊಟ್ಟು, ರೆಕ್ಕೆ ಮೇಲಿನ ದ್ವಾರ ತೆರೆಯುವುದು ಹೇಗೆ ಎಂದೂ ತೋರಿಸಿದ್ದರು. ವಿಮಾನ ಇಳಿಯಿತು, ಬಾಗಿಲುಗಳೂ ತೆರೆದವು. ತೆರೆದ ಬಾಗಿಲಿನಿಂದ ಗಾಳಿ ನುಗ್ಗಿ ಒಂದು, ಒಂದೂವರೆ ನಿಮಿಷದಲ್ಲಿ ಒಳಗೆಲ್ಲ ಬೆಂಕಿ ಆವರಿಸಿತು. 46 ಜನರಲ್ಲಿ 23 ಜನ ಉಳಿದರು. ಹೊಗೆ ಎಷ್ಟು ದಟ್ಟವಾಗಿತ್ತೆಂದರೆ ಜನ ಕೈಯಿಂದ ತಡಕಿಯೇ ದಾರಿ ಹುಡುಕಬೇಕಾಯಿತು. ಇಂದು ವಿಮಾನದ ನೆಲದ ಉದ್ದಕ್ಕೂ ಹೊಳೆಯುವ ಪಟ್ಟಿ ಇರುವುದು 1980ರ ದಶಕದ ಇಂಥ ಅಪಘಾತಗಳ ಪಾಠದಿಂದಲೇ. ಹೊಗೆ ಕೊನೆಗೆ ಮುಟ್ಟುವುದು ನೆಲವನ್ನು, ಹಾಗಾಗಿ ದಾರಿದೀಪ ಅಲ್ಲಿದೆ. ಆದರೆ ಮುಂದೆ ನಾಲ್ಕು ಜನ ನಿಂತರೆ, ಒಂದು ಬ್ಯಾಗ್ ಬಿದ್ದರೆ, ಆ ಪಟ್ಟಿಯೂ ಕಾಣದು. ಆಗ ಉಳಿಯುವುದು ಕೈ ಮತ್ತು ಎಣಿಕೆ. ರಾತ್ರಿ ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಬೆಂಕಿಪೊಟ್ಟಣ ಇರುವ ಗೂಡಿಗೆ ನೀವು ಕಣ್ಣು ಮುಚ್ಚಿ ಹೋಗುತ್ತೀರಿ, ನೆಂಟರ ಮನೆಯಲ್ಲಿ ಗೋಡೆಗೆ ಡಿಕ್ಕಿ ಹೊಡೆಯುತ್ತೀರಿ. ವಿಮಾನ ಯಾವತ್ತೂ ನೆಂಟರ ಮನೆಯೇ.

ಈಗ ಎಣಿಸೋಣ. ಬೆಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ತುಂಬ ಸಾಮಾನ್ಯವಾದದ್ದು ಏರ್‌ಬಸ್ 320. ಮಾತಿಗೆ 30 ಸಾಲು, ಆಚೆ ಮೂರು ಈಚೆ ಮೂರು ಸೀಟು ಇರುವ ವಿಮಾನ ಎಂದಿಟ್ಟುಕೊಳ್ಳಿ. ಮುಂದೆ ಎಡ ಬಲ ಎರಡು ಬಾಗಿಲು, ಹಿಂದೆ ಎಡ ಬಲ ಎರಡು, ನಡುವೆ ರೆಕ್ಕೆಯ ಮೇಲೆ ಪ್ರತಿ ಬದಿಗೆ ಎರಡರಂತೆ ನಾಲ್ಕು ಕಿಟಕಿ ದ್ವಾರ. ಒಟ್ಟು ಎಂಟು. ನಮ್ಮ ಉದಾಹರಣೆಯಲ್ಲಿ ಈ ಕಿಟಕಿ ದ್ವಾರಗಳು 12 ಮತ್ತು 13ನೇ ಸಾಲಿನಲ್ಲಿವೆ. ಅಂದರೆ ಆ ಸಾಲಿನವರು ಕಾಲು ಚಾಚುವ ಜಾಗಕ್ಕೆ ಸರಿಯಾಗಿ ದ್ವಾರ ಇದೆ.

ನಿಮ್ಮ ಸೀಟು 17ಸಿ. ಎಡಗಡೆ ಮೂರು ಸೀಟಿನಲ್ಲಿ ನಡುದಾರಿಗೆ ಅಂಟಿದ್ದು. ಎದ್ದು ನಡುದಾರಿಗೆ ಬಂದು ಮುಂದಕ್ಕೆ ಹೊರಟರೆ ನಿಮ್ಮ ಎಡಗೈಗೆ ಮೊದಲು ಸಿಗುವುದು 16ನೇ ಸಾಲಿನ ಸೀಟಿನ ಬೆನ್ನು. ಆಮೇಲೆ 15, 14, 13. ನಾಲ್ಕು ಸೀಟು ದಾಟಿದಿರಿ. ನಾಲ್ಕನೆಯದು ಮುಗಿದ ಕೂಡಲೇ ಸಿಗುವ ಸಂದಿಯಲ್ಲಿ ಎಡಕ್ಕೆ ತಿರುಗಿದರೆ ದ್ವಾರ ನಿಮ್ಮ ಮುಂದೆ. ಅಲ್ಲಿ ಸೀಟುಗಳ ನಡುವಿನ ಜಾಗ ಬೇರೆ ಸಾಲುಗಳಿಗಿಂತ ಅಗಲವಾಗಿರುತ್ತದೆ, ಕೈಗೇ ತಿಳಿಯುತ್ತದೆ. ಎಣಿಕೆ ಸರಿಯೋ ತಪ್ಪೋ ಎಂಬುದಕ್ಕೆ ಅದೇ ಗುರುತು. ಇನ್ನೊಂದು ಸೀಟು ದಾಟಿದರೆ 12ನೇ ಸಾಲಿನ ದ್ವಾರ.

ಅದೇ ಸೀಟಿನಿಂದ ಹಿಂದಕ್ಕೆ ಹೊರಟರೆ? ಇಲ್ಲಿ ಎಣಿಕೆ ಶುರುವಾಗುವುದು ನಿಮ್ಮದೇ ಸೀಟಿನಿಂದ. ನೀವು ನಿಂತಿರುವುದು ನಿಮ್ಮ ಸೀಟಿನ ಮುಂದೆ, ಹಾಗಾಗಿ ಹಿಂದಕ್ಕೆ ನಡೆದಾಗ ಮೊದಲು ದಾಟುವುದು 17. ಅಲ್ಲಿಂದ 30ರವರೆಗೆ 14 ಸೀಟು, ಆಮೇಲೆ ಹಿಂಬಾಗಿಲು. ಈ ಸಣ್ಣ ವ್ಯತ್ಯಾಸ ಮರೆತರೆ ಒಂದು ಸಾಲು ತಪ್ಪುತ್ತದೆ. ಮುಂದಕ್ಕೆ ನಾಲ್ಕು, ಹಿಂದಕ್ಕೆ ಹದಿನಾಲ್ಕು. ಈ ಎರಡು ಅಂಕೆ ತಲೆಯಲ್ಲಿದ್ದರೆ ನಿಮ್ಮ ಕೆಲಸ ಆಯಿತು.

ಬೋರ್ಡಿಂಗ್ ಪಾಸ್‌ನಲ್ಲಿರುವ ಸಾಲಿನ ಸಂಖ್ಯೆಯನ್ನು ಕಳೆದು ಲೆಕ್ಕ ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕೆಲವು ಕಂಪನಿಗಳು 13ನೇ ಸಾಲನ್ನೇ ಬಿಟ್ಟು 12ರ ನಂತರ 14 ಎಂದು ಬರೆಯುತ್ತವೆ. ಬಿಸಿನೆಸ್ ಕ್ಲಾಸ್ ಇದ್ದರೆ ನಡುವೆ ಸಂಖ್ಯೆ ಜಿಗಿಯುವುದೂ ಉಂಟು. ಕತ್ತಲಲ್ಲಿ ಕೈಗೆ ಸಿಗುವುದು ಸೀಟೇ ಹೊರತು ಸಂಖ್ಯೆಯಲ್ಲ. ಅದಕ್ಕೇ ಕೂತ ಮೇಲೆ ಒಮ್ಮೆ ಕತ್ತೆತ್ತಿ ಸೀಟಿನ ಬೆನ್ನುಗಳನ್ನೇ ಎಣಿಸಿ, ಹಿಂದಕ್ಕೂ ತಿರುಗಿ ಎಣಿಸಿ. ಅರ್ಧ ನಿಮಿಷದ ಕೆಲಸ. ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಇದ್ದರೆ ವಿಮಾನ ಹತ್ತಿ ನಿಮ್ಮ ಸೀಟಿನ ಕಡೆ ನಡೆಯುವಾಗಲೇ ಎಣಿಸಿಕೊಂಡು ಬನ್ನಿ, ಯಾರಿಗೂ ಗೊತ್ತಾಗದು.

ಎರಡು ದಿಕ್ಕು ಯಾಕೆ ಎಂಬುದಕ್ಕೆ ಮ್ಯಾಂಚೆಸ್ಟರ್ ಒಂದು ಉತ್ತರ. ಇತ್ತೀಚಿನದು ಬೇಕೆಂದರೆ 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ಏರ್‌ಬಸ್ 350 ರನ್‌ವೇ ಮೇಲೆ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಉರಿಯಿತು. ಎಂಟು ಬಾಗಿಲುಗಳಲ್ಲಿ ಬಳಸಲು ಸಾಧ್ಯವಾದದ್ದು ಮೂರು ಮಾತ್ರ. ಮೈಕ್ ವ್ಯವಸ್ಥೆ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು, ಗಂಟಲು ಹರಿಯುವಂತೆ ಕೂಗಿ ದಾರಿ ತೋರಿಸಿದರು. ಒಳಗಿದ್ದ 379 ಜನರೂ ಹೊರಬಂದರು. ಎಂಟರಲ್ಲಿ ಐದು ದ್ವಾರ ಹೋಗಬಹುದು ಎಂದರೆ ನಿಮಗೆ ಹತ್ತಿರದ್ದು ಆ ಐದರಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಆಗ ಎರಡನೇ ಅಂಕೆ ಬೇಕು.

ನಮ್ಮ ಅಭ್ಯಾಸವೂ ಅಡ್ಡ ಬರುತ್ತದೆ. ಮನುಷ್ಯ ಗಾಬರಿಯಲ್ಲಿ ಬಂದ ದಾರಿಯಲ್ಲೇ ಹೋಗುತ್ತಾನೆ. ನಾವು ಎಣಿಸಿದ 30 ಸಾಲಿನ ವಿಮಾನದಲ್ಲಿ 23ನೇ ಸಾಲಿನಲ್ಲಿ ಕೂತವರನ್ನು ನೋಡಿ. ಹತ್ತಿದ್ದು ಮುಂಬಾಗಿಲಿನಿಂದ. ರೆಕ್ಕೆಯ ದ್ವಾರಕ್ಕೆ ಮುಂದಕ್ಕೆ 10 ಸೀಟು, ಹಿಂಬಾಗಿಲಿಗೆ 8. ಹತ್ತಿರದ್ದು ಹಿಂದೆ, ಕಾಲು ಹೊರಡುವುದು ಮುಂದೆ. ಹುಬ್ಬಳ್ಳಿ ಕಡೆ ಹೋಗುವ ಫ್ಯಾನ್ ಇರುವ ಸಣ್ಣ ವಿಮಾನ, ಎಟಿಆರ್ 72, ಇದಕ್ಕೆ ತದ್ವಿರುದ್ಧ. ಅದರಲ್ಲಿ ನೀವು ಹತ್ತುವುದು ಹಿಂದಿನಿಂದ. ತುರ್ತು ದ್ವಾರಗಳು ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಮುಂದೆ ಕೂತವರು ಹತ್ತಿದ ಬಾಗಿಲನ್ನೇ ನೆನೆದು ಇಡೀ ವಿಮಾನದ ಉದ್ದಕ್ಕೆ ಜನರ ನಡುವೆ ನುಗ್ಗಬೇಕಾಗುತ್ತದೆ, ದ್ವಾರ ಮಗ್ಗುಲಲ್ಲೇ ಇದ್ದರೂ. ಯಾವ ವಿಮಾನದಲ್ಲಿ ಎಲ್ಲಿದೆ ಎಂಬುದು ಸೀಟಿನ ಮುಂದಿನ ಜೇಬಿನಲ್ಲಿರುವ ಸೇಫ್ಟಿ ಕಾರ್ಡಿನಲ್ಲಿ ಚಿತ್ರವಾಗಿಯೇ ಇದೆ. ಅದಕ್ಕೆ ಹಿಂದಿಯೂ ಬೇಡ, ಇಂಗ್ಲಿಷೂ ಬೇಡ.

ಈಗ ಬ್ರೇಸ್ ಭಂಗಿ, ಅಂದರೆ ವಿಮಾನ ಅಪ್ಪಳಿಸುವ ಮೊದಲು ಮೈ ಬಾಗಿಸಿ ಕೂರುವ ರೀತಿ. ಎಣಿಕೆ ಗೊತ್ತಿದ್ದೂ ಕಾಲು ಮುರಿದಿದ್ದರೆ, ತಲೆಗೆ ಪೆಟ್ಟಾಗಿ ಮಂಕಾಗಿದ್ದರೆ, ಬೆಲ್ಟ್ ಬಿಚ್ಚಲು ಬೆರಳು ಬಾರದಿದ್ದರೆ ಆ ಎಣಿಕೆ ಯಾರಿಗೆ? ಎದ್ದು ನಡೆಯುವ ಸ್ಥಿತಿಯಲ್ಲಿ ನಿಮ್ಮನ್ನು ಉಳಿಸುವುದೇ ಬ್ರೇಸ್. ಸೊಂಟದ ಬೆಲ್ಟ್ ಕಟ್ಟಿ ನೆಟ್ಟಗೆ ಕೂತವನ ವಿಮಾನ ಥಟ್ಟನೆ ನಿಂತರೆ ಸೊಂಟ ನಿಲ್ಲುತ್ತದೆ, ಮೇಲಿನ ಮೈ ಚಾಕು ಮಡಚಿದಂತೆ ಮುಂದಕ್ಕೆ ಬೀಸಿ ತಲೆ ಮುಂದಿನ ಸೀಟಿಗೆ ಬಡಿಯುತ್ತದೆ. ಕಾಲುಗಳೂ ಮುಂದಕ್ಕೆ ಚಿಮ್ಮಿ ಮೊಣಕಾಲಿನ ಕೆಳಗಿನ ಮೂಳೆ ಮುಂದಿನ ಸೀಟಿನ ಕೆಳಭಾಗದ ಕಂಬಿಗೆ ತಾಗುತ್ತದೆ. ತಲೆ ಮೊದಲೇ ಸೀಟಿಗೆ ಒರಗಿದ್ದರೆ ಬಡಿಯಲು ದೂರವೇ ಇರುವುದಿಲ್ಲ.

ಮಾಡುವ ಕ್ರಮ ಹೀಗೆ. ಬೆನ್ನ ಬುಡವನ್ನು ಸೀಟಿನ ಹಿಂಬದಿಗೆ ಒತ್ತಿ ಕೂರಿ. ಬೆಲ್ಟ್ ಹೊಟ್ಟೆಯ ಮೇಲಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಬರಲಿ, ಬಿಗಿಯಾಗಿರಲಿ. ಗರ್ಭಿಣಿಯರಿಗೂ ಹೊಟ್ಟೆಯ ಕೆಳಗೆ, ತೊಡೆ ಸೇರುವಲ್ಲಿ. ಪಾದ ಎರಡೂ ನೆಲಕ್ಕೆ ಪೂರ್ತಿ ಊರಿ, ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮುಂದಕ್ಕೆ ಬಾಗಿ ತಲೆಯನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ಎರಡೂ ಕೈ ತಲೆಯ ಹಿಂದೆ, ಒಂದರ ಮೇಲೊಂದು. ಬೆರಳು ಹೆಣೆಯಬೇಡಿ. ಹೆಣೆದರೆ ಮೇಲಿನಿಂದ ಏನಾದರೂ ಬಿದ್ದಾಗ ಎರಡೂ ಕೈಯ ಬೆರಳು ಒಟ್ಟಿಗೆ ಮುರಿಯುತ್ತವೆ. ನೀವು ಕೆಲಸ ಮಾಡುವ ಕೈ, ಬಲಗೈಯೋ ಎಡಗೈಯೋ, ಅದು ಅಡಿಯಲ್ಲಿರಲಿ. ಬೆಲ್ಟ್ ಬಿಚ್ಚಬೇಕಾದದ್ದು ಆ ಕೈ. ಮೊಣಕೈ ಕಿವಿಯ ಪಕ್ಕಕ್ಕೆ ಸೇರಿರಲಿ. ಮುಂದೆ ಸೀಟು ಇಲ್ಲದಿದ್ದರೆ ಅಥವಾ ದೂರವಿದ್ದರೆ ಎದೆಯನ್ನು ತೊಡೆಯ ಮೇಲೆ ಇಟ್ಟು ಕಾಲುಗಳನ್ನು ಕೆಳಗೆ ಹಿಡಿದುಕೊಳ್ಳಿ.

ಕಾಲಿನ ವಿಷಯದಲ್ಲಿ ಇಷ್ಟು ನಿಖರವಾಗಿ ಹೇಳಲು ಕಾರಣ ಕೆಗ್ವರ್ತ್ ಎಂಬ ಊರಿನ ಬಳಿ ಆದ ಅಪಘಾತ. 1989ರ ಜನವರಿ 8ರಂದು ಇಂಗ್ಲೆಂಡಿನ ಹೆದ್ದಾರಿಯ ದಿಬ್ಬಕ್ಕೆ ಅಪ್ಪಳಿಸಿದ ಬೋಯಿಂಗ್ 737ರಲ್ಲಿ 126 ಜನರಿದ್ದರು, 47 ಜನ ಸತ್ತರು. ಬದುಕಿದವರಲ್ಲಿ ಕಾಲು, ಸೊಂಟದ ಗಾಯ ಬಹಳ ಇತ್ತು. ಅಲ್ಲಿ ದೊಡ್ಡ ಬೆಂಕಿ ಹತ್ತಲಿಲ್ಲ. ಹತ್ತಿದ್ದರೆ ಆ ಕಾಲುಗಳಲ್ಲಿ ಹೊರಬರುವುದು ಹೇಗಿರುತ್ತಿತ್ತು ಎಂದು ವೈದ್ಯರೂ ಎಂಜಿನಿಯರರೂ ಯೋಚಿಸಿದರು. ಗಾಯಗಳನ್ನು ಒಂದೊಂದಾಗಿ ಅಧ್ಯಯನ ಮಾಡಿ, ಗೊಂಬೆಗಳನ್ನು ಕೂರಿಸಿ ಪರೀಕ್ಷಿಸಿ ಬ್ರೇಸ್ ಭಂಗಿಯನ್ನು ತಿದ್ದಿದರು. ಪಾದ ಹಿಂದಕ್ಕೆ ಎಂಬ ಮಾತು ಬಲವಾದದ್ದು ಆಗಿನಿಂದ.

ಇನ್ನೊಂದು ತಪ್ಪು ಮೊದಲ ಪೆಟ್ಟು ಮುಗಿದ ಕೂಡಲೇ ತಲೆ ಎತ್ತುವುದು. ವಿಮಾನ ಒಮ್ಮೆ ಬಡಿದು, ಎದ್ದು, ಮತ್ತೆ ಬಡಿಯಬಹುದು. ಪೂರ್ತಿ ನಿಲ್ಲುವವರೆಗೂ ಹಾಗೇ ಇರಿ. ಸಿಬ್ಬಂದಿ ಬ್ರೇಸ್, ಬ್ರೇಸ್ ಎಂದು ಕೂಗುವುದು ಈ ಭಂಗಿಗೆ. ಆಮೇಲೆ ಇವ್ಯಾಕ್ಯುಯೇಟ್ ಎಂದರೆ ಹೊರಡಿ ಎಂದು. ಇಂಗ್ಲಿಷ್ ಬಾರದ ಹಿರಿಯರನ್ನು ಕಳಿಸುವಾಗ ಈ ಎರಡು ಕೂಗು ಯಾವುದಕ್ಕೆ ಎಂದು ಹೇಳಿಕೊಟ್ಟು ಕಳಿಸಿ.

ಬೆಲ್ಟ್ ಬಿಚ್ಚುವುದು ಸುಲಭ ಅಂತ ನಗುತ್ತೀರಿ. ಕಾರಿನ ಬೆಲ್ಟ್‌ಗೆ ಪಕ್ಕದಲ್ಲಿ ಗುಂಡಿ ಒತ್ತಬೇಕು, ವಿಮಾನದ್ದಕ್ಕೆ ಹೊಟ್ಟೆಯ ಮುಂದಿನ ಮುಚ್ಚಳ ಎತ್ತಬೇಕು. ಗಾಬರಿಯಲ್ಲಿ ಸೊಂಟದ ಪಕ್ಕ ಗುಂಡಿ ತಡಕಾಡಿದವರಿದ್ದಾರೆ ಎಂದು ತನಿಖಾ ವರದಿಗಳಲ್ಲಿದೆ. ಹೊರಡುವ ಮೊದಲು ಗಗನಸಖಿ ಬೆಲ್ಟ್ ತೋರಿಸುವುದು ಕಟ್ಟಲು ಬಾರದವರಿಗಷ್ಟೇ ಅಲ್ಲ. ಕೂತಾಗಲೇ ಒಂದೆರಡು ಸಲ ಬಿಚ್ಚಿ ಹಾಕಿ, ಕೈಗೆ ನೆನಪಿರುತ್ತದೆ.

ಟ್ರೇ ಮಡಚಿ, ಸೀಟು ನೆಟ್ಟಗೆ ಮಾಡಿ, ಕಿಟಕಿಯ ಪರದೆ ಎತ್ತಿ ಎಂದು ಇಳಿಯುವ ಮೊದಲು ಕೇಳುವುದೂ ಇದಕ್ಕೇ. ಒರಗಿಸಿದ ಸೀಟು ಹಿಂದಿನವನ ದಾರಿಗೂ ಬ್ರೇಸ್‌ಗೂ ಅಡ್ಡಿ. ಪರದೆ ತೆರೆದಿದ್ದರೆ ಹೊರಗೆ ಯಾವ ಬದಿ ಬೆಂಕಿ ಎಂದು ಕಾಣುತ್ತದೆ. ರಾತ್ರಿ ದೀಪ ಮಂದ ಮಾಡುವುದು ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು. ವಿಮಾನದವರು ಏರುವ ಮೊದಲ ಮೂರು ನಿಮಿಷ, ಇಳಿಯುವ ಕೊನೆಯ ಎಂಟು ನಿಮಿಷ ಎಂದು ಲೆಕ್ಕ ಇಡುತ್ತಾರೆ. ಹೆಚ್ಚಿನ ಅಪಘಾತ ಆಗುವುದು ಆಗ. ಅಷ್ಟು ಹೊತ್ತು ಚಪ್ಪಲಿ, ಶೂ ಕಾಲಲ್ಲಿರಲಿ, ನಿದ್ದೆ ಬೇಡ.

ಕಾಲಿಗೆ ಹೆಚ್ಚು ಜಾಗ ಸಿಗುತ್ತದೆ ಎಂದು ತುರ್ತು ದ್ವಾರದ ಸಾಲನ್ನು ಕೇಳಿ ಪಡೆಯುವವರಿಗೆ ಒಂದು ಮಾತು. ಏರ್‌ಬಸ್ 320ರ ರೆಕ್ಕೆ ಮೇಲಿನ ದ್ವಾರದ ಹಲಗೆ ಸುಮಾರು 15 ಕೆಜಿ ತೂಗುತ್ತದೆ. ಹಿಡಿ ಎಳೆದಾಗ ಅದು ಒಳಕ್ಕೆ, ನಿಮ್ಮ ಮಡಿಲಿಗೆ ಬರುತ್ತದೆ. ಅದನ್ನು ಎತ್ತಿ ಹೊರಗೆ ಎಸೆಯಬೇಕು. ಬೋಯಿಂಗ್ 737-800ರಲ್ಲಿ ಅದು ಹೊರಕ್ಕೆ, ಮೇಲಕ್ಕೆ ತಾನೇ ತೆರೆದುಕೊಳ್ಳುತ್ತದೆ. ಮ್ಯಾಂಚೆಸ್ಟರ್‌ನಲ್ಲಿ ದ್ವಾರದ ಪಕ್ಕ ಕೂತಿದ್ದ ಪ್ರಯಾಣಿಕರು ಹಿಡಿ ಎಂದುಕೊಂಡು ದ್ವಾರಕ್ಕೆ ಅಂಟಿದ್ದ ಕೈಯೊರಗನ್ನು ಎಳೆದರು. ಪಕ್ಕದವರು ನಿಜವಾದ ಹಿಡಿ ಎಳೆದಾಗ ಸುಮಾರು 22 ಕೆಜಿಯ ಹಲಗೆ ಅವರ ಮೈಮೇಲೆ ಬಿತ್ತು. ಹಿಂದಿನ ಸಾಲಿನವರು ಅದನ್ನು ಎತ್ತಿ ಆಚೆ ಇಡುವಷ್ಟರಲ್ಲಿ ವಿಮಾನ ನಿಂತು ಮುಕ್ಕಾಲು ನಿಮಿಷ ಕಳೆದಿತ್ತು. ತೊಂಬತ್ತು ಸೆಕೆಂಡಿನಲ್ಲಿ ಅರ್ಧ. ಮತ್ತೆ, ತೆರೆಯುವ ಮೊದಲು ಕಿಟಕಿಯಿಂದ ಹೊರಗೆ ನೋಡಿ. ಆ ಬದಿಯಲ್ಲಿ ಬೆಂಕಿ ಇದ್ದರೆ ತೆರೆಯಬಾರದು, ತೆರೆದರೆ ಬೆಂಕಿಗೆ ನೀವೇ ದಾರಿ ಕೊಟ್ಟಂತೆ.

ಎಣಿಸಿದವರೆಲ್ಲ ಉಳಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದ ವಿಮಾನದಲ್ಲಿ 166 ಜನರಿದ್ದರು, ಉಳಿದದ್ದು 8. ಅವರು ಪಾರಾದದ್ದು ವಿಮಾನದ ಮೈ ಒಡೆದ ಬಿರುಕಿನಿಂದ, ಬಾಗಿಲಿನಿಂದಲ್ಲ. ವಿಮಾನವೇ ತುಂಡಾದರೆ ಬೆಳಕು ಕಂಡ ಕಡೆಯೇ ದಾರಿ. ಆದರೆ ವಿಮಾನ ಇಡಿಯಾಗಿ ಉಳಿದು ಹೊಗೆ ತುಂಬುವ ಸಂದರ್ಭಕ್ಕೆ ಎಣಿಕೆಗಿಂತ ಒಳ್ಳೆಯ ಸಾಧನ ಪ್ರಯಾಣಿಕನ ಕೈಯಲ್ಲಿಲ್ಲ.

ಬ್ಯಾಗ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಮೇಲಿನ ಪೆಟ್ಟಿಗೆ ತೆಗೆಯುವವನು ನಡುದಾರಿ ಅಡ್ಡಗಟ್ಟುತ್ತಾನೆ, ಹಿಂದಿನ ಹತ್ತು ಸಾಲು ಅವನಿಗಾಗಿ ನಿಲ್ಲುತ್ತದೆ. ಬ್ಯಾಗಿನ ಚಕ್ರ, ಚೂಪು ಅಂಚು ಬಾಗಿಲಿನಿಂದ ನೆಲಕ್ಕೆ ಇಳಿಯಲು ಗಾಳಿ ತುಂಬಿ ಬಿಚ್ಚಿಕೊಳ್ಳುವ ಜಾರುಬಂಡೆಯ ಬಟ್ಟೆಯನ್ನು ಹರಿಯಬಹುದು. ಪಾಸ್‌ಪೋರ್ಟ್, ಮಾತ್ರೆ ಏರುವಾಗ ಇಳಿಯುವಾಗ ಅಂಗಿಯ ಜೇಬಿನಲ್ಲಿರಲಿ.

ಕೊನೆಗೆ ಕುಟುಂಬ ಸಮೇತ ಹೋಗುವವರಿಗೆ. ಮೂವರು ಒಂದೇ ಸಾಲಿನಲ್ಲಿದ್ದರೆ ನಡುದಾರಿ ಪಕ್ಕ ಕೂತ ದೊಡ್ಡವರು ಎಣಿಸಲಿ, ಮಗು ನಡುವೆ ಬರಲಿ, ಇನ್ನೊಬ್ಬ ದೊಡ್ಡವರು ಹಿಂದೆ. ಹೊಗೆ ಇದ್ದರೆ ಬಾಗಿ ನಡೆಯಿರಿ, ಕರ್ಚೀಫೋ ಸೆರಗೋ ಒದ್ದೆ ಮಾಡಿ ಮೂಗಿಗೆ ಹಿಡಿದರೆ ಮಸಿಯನ್ನು ಸ್ವಲ್ಪ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ನೀರು ಹುಡುಕುತ್ತ ನಿಲ್ಲಬೇಡಿ. ಮಲಗಿ ತೆವಳಬೇಡಿ, ಹಿಂದಿನವರು ತುಳಿಯುತ್ತಾರೆ. ಸೀಟು ಬೇರೆ ಬೇರೆ ಕಡೆ ಸಿಕ್ಕಿದ್ದರೆ ಹೊರಡುವ ಮೊದಲೇ ಮಾತಾಡಿಕೊಳ್ಳಿ: ಒಬ್ಬರು 8ನೇ ಸಾಲಿನಲ್ಲಿ, ಇನ್ನೊಬ್ಬರು 26ರಲ್ಲಿ ಇದ್ದರೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಜನರ ಎದುರು ಈಜುವುದು ಬೇಡ. ಅವರವರ ಎಣಿಕೆಯ ದ್ವಾರದಿಂದ ಅವರವರು ಇಳಿಯುವುದು, ಇಳಿದ ಮೇಲೆ ವಿಮಾನದಿಂದ ದೂರಕ್ಕೆ, ಗಾಳಿ ಬೀಸಿ ಬರುವ ದಿಕ್ಕಿಗೆ ಹೋಗುವುದು. ಹೊಗೆ ಆ ಕಡೆ ಬರುವುದಿಲ್ಲ, ಸಿಬ್ಬಂದಿಯೂ ಜನರನ್ನು ಸೇರಿಸಿ ತಲೆ ಎಣಿಸುವುದು ಅಲ್ಲೇ. ಭೇಟಿ ಅಲ್ಲಿ.